ಎಂಟರಿಂದ ಭಾಗಿಸಿ ಎಂದು ಒಬ್ಬರಾದರೂ ಹೇಳಬಾರದಿತ್ತೇ?

ಸೆಕೆಂಡಿಗೆ ನೂರು ಮೆಗಾಬಿಟ್, ಅಂದರೆ 100 Mbps ವೇಗದ ಇಂಟರ್ನೆಟ್ ಪ್ಲಾನ್ ಹಾಕಿಸಿಕೊಂಡ ದಿನವೇ ಆರು ಜಿಬಿಯ ಫೈಲೊಂದನ್ನು ಡೌನ್‌ಲೋಡ್‌ಗೆ ಹಾಕಿದೆ. ಒಂದು ನಿಮಿಷದ ಕೆಲಸ ಎಂದುಕೊಂಡಿದ್ದೆ. ಪರದೆಯಲ್ಲಿ ಕಂಡದ್ದು 11.8 MB/s. ಮುಗಿಯಲು ಎಂಟೂವರೆ ನಿಮಿಷ ಹಿಡಿಯಿತು. ಮೂರು ಸಲ ದೂರು ಕೊಟ್ಟೆ, ರೂಟರ್ ಬದಲಿಸಿದರು, ತಂತ್ರಜ್ಞ ಎರಡು ಬಾರಿ ಮನೆಗೆ ಬಂದು ‘ಲೈನ್ ಸರಿಯಾಗಿದೆ’ ಎಂದಷ್ಟೇ ಹೇಳಿ ಹೋದರು. ಏಕೆ ಸರಿ ಎಂದು ಒಬ್ಬರೂ ಬಾಯಿ ಬಿಡಲಿಲ್ಲ.

ಕಾರಣ ಒಂದು ಅಕ್ಷರದಲ್ಲಿದೆ. Mbps ಎಂಬಲ್ಲಿರುವ ಸಣ್ಣ b ಬಿಟ್, MB/s ಎಂಬಲ್ಲಿರುವ ದೊಡ್ಡ B ಬೈಟ್. ತಂತಿಯಲ್ಲಿ ಹರಿಯುವುದನ್ನು ಬಿಟ್‌ಗಳಲ್ಲಿ ಎಣಿಸುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ 12.5, ಅಷ್ಟೇ! ಈ ಒಂದು ವಾಕ್ಯಕ್ಕಾಗಿ ನಾನು ಮೂರು ವಾರ ಹೋರಾಡಿದೆ.

ಆ 12.5 ಕೂಡ ಪೂರ್ತಿ ಕೈಗೆ ಬರುವುದಿಲ್ಲ. ಫೈಲನ್ನು ಚೂರುಚೂರು ಮಾಡಿ ಪ್ಯಾಕೆಟ್‌ಗಳಲ್ಲಿ ಕಳಿಸುತ್ತಾರೆ. ಪ್ರತಿ ಪ್ಯಾಕೆಟ್‌ನ ಜೊತೆಗೆ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಎಷ್ಟನೆಯ ಚೂರು ಎಂಬ ವಿವರಗಳೂ ಬರಬೇಕು. ಸಾಮಾನ್ಯ ಈಥರ್ನೆಟ್ ತಂತಿಯಲ್ಲಿ 1538 ಬೈಟ್‌ಗಳಷ್ಟು ಜಾಗ ಹಿಡಿಯುವ ಒಂದು ಪ್ಯಾಕೆಟ್‌ನಲ್ಲಿ ನಮ್ಮ ಫೈಲಿನ ಭಾಗ ಹೆಚ್ಚೆಂದರೆ 1460 ಬೈಟ್. ನೂರಕ್ಕೆ ಐದರಷ್ಟು ಅಲ್ಲೇ ಕಳೆಯಿತು. ಉಳಿಯುವುದು ಸುಮಾರು 11.8. ನನ್ನ ಪರದೆ ಮೊದಲ ದಿನದಿಂದಲೂ ನಿಜವನ್ನೇ ಹೇಳುತ್ತಿತ್ತು.

ಬಿಟ್‌ನಲ್ಲಿ ಅಳೆಯುವುದಕ್ಕೆ ನನ್ನ ತಕರಾರಿಲ್ಲ, ಜಾಲಗಳ ಲೆಕ್ಕ ಮೊದಲಿನಿಂದಲೂ ಹಾಗೆಯೇ ಇದೆ. ಆದರೆ ಜಾಹೀರಾತಿನಲ್ಲಿ 100 ಎಂದು ಅಷ್ಟು ದಪ್ಪಗೆ ಮುದ್ರಿಸುವವರಿಗೆ, ಅದರ ಕೆಳಗೆ ‘ಫೈಲ್ ಇಳಿಯುವ ವೇಗ ಸೆಕೆಂಡಿಗೆ ಸುಮಾರು 12 ಮೆಗಾಬೈಟ್’ ಎಂದು ಒಂದು ಸಾಲು ಸೇರಿಸಲು ಏನು ಕಷ್ಟ? ಗೊಂದಲ ಅವರಿಗೆ ಲಾಭ, ಅದಕ್ಕೇ ಸೇರಿಸುವುದಿಲ್ಲ ಎಂದೇ ನಾನು ನಂಬಿದ್ದೇನೆ.

ಈ ಮೌನದಿಂದ ನನಗೆ ನಿಜವಾದ ನಷ್ಟವೂ ಆಯಿತು. ಕಳೆದ ತಿಂಗಳು ವೇಗ 4 MB/s ಗೆ ಇಳಿದಾಗ, ‘ಇದು ಹೀಗೆಯೇ ಇರುತ್ತದೆ’ ಎಂದು ಹತ್ತು ದಿನ ಸುಮ್ಮನಿದ್ದೆ. ಎಂಟರಿಂದ ಗುಣಿಸಿದ್ದರೆ 32 ಮೆಗಾಬಿಟ್, ಅಂದರೆ ಕೊಂಡದ್ದರ ಮೂರನೇ ಒಂದು ಭಾಗ ಎಂದು ಆಗಲೇ ತಿಳಿಯುತ್ತಿತ್ತು. ವೈಫೈ ಬಿಟ್ಟು ಕೇಬಲನ್ನು ನೇರವಾಗಿ ರೂಟರ್‌ಗೆ ಹಾಕಿ, ಬೇರೆ ಬೇರೆ ಕಡೆಯಿಂದ ಫೈಲ್ ಇಳಿಸಿ ನೋಡಿದೆ. ಎಲ್ಲೆಡೆ ಅದೇ ನಾಲ್ಕು. ಈ ಬಾರಿ ಕೆಟ್ಟದ್ದು ಲೈನೇ. ಅಂಕಿಗಳನ್ನು ಬರೆದು ದೂರು ಕೊಟ್ಟೆ, ಮರುದಿನ ಕಂಬದ ಬಳಿಯ ಜೋಡಣೆ ಸರಿಪಡಿಸಿದರು. ಈಗ ಮತ್ತೆ 11.8 ಬರುತ್ತಿದೆ.