ಶಾಲೆಗೆ ಬೇಕಾದ ನೋಂದಣಿ, ನ್ಯಾಯಾಲಯ ಕೇಳದ ಅರ್ಹತೆ

ವಿಶೇಷ ಶಿಕ್ಷಕರ ಪ್ರಮಾಣಪತ್ರವನ್ನೂ ಸಂಜ್ಞಾ ಭಾಷೆಯ ದುಭಾಷಿಯ ಪ್ರಮಾಣಪತ್ರವನ್ನೂ ಒಂದೇ ಎಂಬಂತೆ ಕಾಣುವವರು ಬಹಳ ಮಂದಿ ಇದ್ದಾರೆ. ಕಾನೂನು ಇವೆರಡನ್ನು ಒಂದೇ ಬಿಗಿಯಿಂದ ನೋಡಿಲ್ಲ.

ವಿಶೇಷ ಶಿಕ್ಷಕರ ವಿಷಯ ಸರಳ. 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆಯು ಪುನರ್ವಸತಿ ವೃತ್ತಿಪರರ ಪಟ್ಟಿಯಲ್ಲೇ ಅವರನ್ನು ಸೇರಿಸಿದೆ. ಮಾನ್ಯತೆ ಪಡೆದ ಡಿಪ್ಲೊಮಾ ಅಥವಾ ವಿಶೇಷ ಬಿ.ಇಡಿ. ಮುಗಿಸಿದ ಮಾತ್ರಕ್ಕೆ ಸಾಲದು, ಮಂಡಳಿಯ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರೂ ಇರಬೇಕು. ಹೆಸರಿಲ್ಲದವರು ಸರ್ಕಾರಿ ಹುದ್ದೆಯಲ್ಲಿರುವುದಕ್ಕಾಗಲಿ ದೇಶದಲ್ಲಿ ಎಲ್ಲಿಯಾದರೂ ಈ ವೃತ್ತಿ ನಡೆಸುವುದಕ್ಕಾಗಲಿ 13ನೇ ಕಲಂ ಅವಕಾಶ ಕೊಡುವುದಿಲ್ಲ. ಮೀರಿದರೆ ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೇ 1,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. (ಆ ದಂಡದ ಮೊತ್ತಕ್ಕೆ ಇಂದು ಯಾರೂ ಹೆದರಲಾರರು.)

ದುಭಾಷಿಗಳಿಗೂ ಮಂಡಳಿ ಮಾನ್ಯತೆ ನೀಡಿರುವ ಎರಡು ವರ್ಷದ ಡಿಪ್ಲೊಮಾ ಇದೆ. ಆದರೆ ಅವರ ಅಗತ್ಯ ಅತಿ ಹೆಚ್ಚಾಗಿ ಬೀಳುವ ಪೊಲೀಸ್ ಠಾಣೆ ಮತ್ತು ನ್ಯಾಯಾಲಯಗಳಲ್ಲಿ ಕಾನೂನಿನ ಧಾಟಿ ಬೇರೆ. ಅಂಗವಿಕಲ ವ್ಯಕ್ತಿಯ ಹೇಳಿಕೆ ದಾಖಲಿಸುವಾಗ ಮ್ಯಾಜಿಸ್ಟ್ರೇಟರು ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಲೇಬೇಕು, ಅದನ್ನು ವಿಡಿಯೊ ಮಾಡಿಸಲೇಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂ ವಿಧಿಸುತ್ತದೆ. ಮಾತನಾಡಲಾಗದ ಸಾಕ್ಷಿಯ ಬಗ್ಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಂ ಹೇಳುವುದೂ ಇದನ್ನೇ. ನೆರವು ಕಡ್ಡಾಯ. ನೆರವಾಗುವವರು ಯಾವ ಪ್ರಮಾಣಪತ್ರ ಹೊಂದಿರಬೇಕು ಎಂಬುದನ್ನು ಮಾತ್ರ ಈ ಎರಡು ಕಲಂಗಳು ಹೇಳುವುದಿಲ್ಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ಪೋಕ್ಸೊ ನಿಯಮಗಳು, 2020. ಅವುಗಳ ಪ್ರಕಾರ ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ದುಭಾಷಿಗಳ ಮತ್ತು ವಿಶೇಷ ಶಿಕ್ಷಕರ ಪಟ್ಟಿಯನ್ನು ಇಟ್ಟಿರಬೇಕು, ಅವರಿಗೆ ತಕ್ಕ ವಿದ್ಯಾರ್ಹತೆ ಇರಬೇಕು. ಪಟ್ಟಿಯ ಹೊರಗಿನವರನ್ನು ಕರೆಸಿದಾಗ ಅನುಭವ ಅಥವಾ ಭಾಷಾ ಪರಿಣತಿಯ ಆಧಾರದ ಮೇಲೆ ಈ ಷರತ್ತನ್ನು ಸಡಿಲಿಸಬಹುದು.

ಒಂದು ಪ್ರಕರಣವನ್ನು ಊಹಿಸಿಕೊಳ್ಳೋಣ. ಕಿವುಡಿಯಾದ 15 ವರ್ಷದ ಹುಡುಗಿ ದೂರು ಕೊಡಲು ಬಂದಿದ್ದಾಳೆ, ಪೊಲೀಸರು ಹತ್ತಿರದ ಶಾಲೆಯ ವಿಶೇಷ ಶಿಕ್ಷಕಿಯನ್ನು ಕರೆತರುತ್ತಾರೆ. ಶಿಕ್ಷಕಿಯ ನೋಂದಣಿ ಸರಿಯಾಗಿಯೇ ಇದೆ, ಆದರೆ ಅವರು ಪರಿಣತಿ ಪಡೆದಿರುವುದು ಬೌದ್ಧಿಕ ಅಂಗವೈಕಲ್ಯದ ಮಕ್ಕಳ ಬೋಧನೆಯಲ್ಲಿ. ಕಲಂ ಪಾಲನೆಯಾಯಿತು, ಹುಡುಗಿಯ ಮಾತು ಯಾರಿಗೂ ತಿಳಿಯಲಿಲ್ಲ. ಅವಳು ಶಾಲೆಗೇ ಹೋಗದೆ ಮನೆಯವರ ಸನ್ನೆಗಳನ್ನಷ್ಟೇ ಬಲ್ಲವಳಾದರೆ ಡಿಪ್ಲೊಮಾ ಪಡೆದ ದುಭಾಷಿಯೂ ಒಬ್ಬರೇ ಸಾಲದಿರಬಹುದು. ಆಗ ಆ ಸನ್ನೆಗಳನ್ನು ಗ್ರಹಿಸಿ ಸಂಜ್ಞಾ ಭಾಷೆಗೆ ತರಬಲ್ಲ ಕಿವುಡ ವ್ಯಕ್ತಿಯೊಬ್ಬರು ನಡುವೆ ಕೂರಬೇಕಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಹೇಳಿಕೆ ಆರಂಭಿಸುವ ಮುನ್ನ ನೆರವಿಗೆ ಬಂದವರ ಅರ್ಹತೆ, ಅವರು ಪರಿಣತಿ ಪಡೆದ ಅಂಗವೈಕಲ್ಯದ ವಿಭಾಗ, ನೋಂದಣಿ ಇದ್ದರೆ ಅದರ ಸಂಖ್ಯೆ ಇವನ್ನೆಲ್ಲ ಕ್ಯಾಮೆರಾದ ಮುಂದೆಯೇ ದಾಖಲಿಸಬೇಕು. ನಾಲ್ಕಾರು ಸರಳ ಪ್ರಶ್ನೆ ಕೇಳಿ, ಇಬ್ಬರಿಗೂ ಪರಸ್ಪರ ಅರ್ಥವಾಗುತ್ತಿದೆಯೇ ಎಂಬುದನ್ನೂ ಅದೇ ವಿಡಿಯೊದಲ್ಲಿ ತೋರಿಸಬೇಕು. ಇದನ್ನು ಆಗಲೇ ಮಾಡದಿದ್ದರೆ, ಪಾಟೀಸವಾಲಿನ ದಿನ ಎದುರು ಪಕ್ಷದ ವಕೀಲರು ಮೊದಲು ಕೇಳುವುದೇ ಈ ಪ್ರಶ್ನೆ.