ಕಿಟಕಿಗೆ ಕಟ್ಟಿದ ಪಂಚೆ, ಅಜ್ಜಿಯ ಎಕ್ಸ್‌ರೇ

ವಾಟ್ಸಾಪಿನಲ್ಲಿ ಬಂದ ಎಕ್ಸ್‌ರೇ ಫೋಟೋ ನೋಡಿ "ಏನೂ ಆಗಿಲ್ಲ ಬಿಡಿ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೂಳೆ ಮುರಿದಿದ್ದರೆ ಫೋಟೋದಲ್ಲಿ ಕಾಣಬಹುದು. ಕಾಣಲಿಲ್ಲ ಅಂದಮಾತ್ರಕ್ಕೆ ಮುರಿದಿಲ್ಲ ಅಂತಲ್ಲ. ಎಕ್ಸ್‌ರೇ ರೂಮಿನಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು. ಅದಕ್ಕೇ ಹೊಸನಗರದ ಕಡೆಯ ಈ ಕಥೆ ಹೇಳಬೇಕು ಅನ್ನಿಸಿತು.

ಮಳೆಗಾಲ. ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದರು. ಮನೆಯವರು ಪೇಟೆಗೆ ಕರೆದುಕೊಂಡು ಹೋಗಿ ಸೊಂಟದ ಎಕ್ಸ್‌ರೇ ತೆಗೆಸಿದರು. ಅಲ್ಲಿ ಮೂಳೆ ಡಾಕ್ಟರ್ ಇರಲಿಲ್ಲ. ನೋವಿನ ಮಾತ್ರೆ, ಫಿಲ್ಮ್ ಹಿಡಿದುಕೊಂಡು ವಾಪಸ್ ಬಂದರು. ಅಜ್ಜಿ ಕೋಲೂರಿ ನಾಲ್ಕು ಹೆಜ್ಜೆ ನಡೆದೂ ತೋರಿಸಿದರು. ಎಲ್ಲರಿಗೂ ಸಮಾಧಾನ. ಮರುದಿನ ಮನೆಗೆ ಬಂದ ಉಪಕೇಂದ್ರದ ಸಿಸ್ಟರಿಗೆ ಮಾತ್ರ ಯಾಕೋ ಅನುಮಾನ.

"ಅಜ್ಜಿ, ಇದನ್ನ ಶಿವಮೊಗ್ಗದ ಮೂಳೆ ಡಾಕ್ಟ್ರಿಗೆ ಕಳಿಸಲಾ?" ಅಂತ ಕೇಳಿದರು. ಅಜ್ಜಿ ಹೂಂ ಅಂದರು. ಇದು ಸುಮ್ನೆ ಮರ್ಯಾದೆಗೆ ಕೇಳಿದ್ದಲ್ಲ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಆರೋಗ್ಯ ಕಾರ್ಯಕರ್ತೆ ಹೀಗೆ ಡಾಕ್ಟರನ್ನು ಕೇಳುವುದಕ್ಕೆ ಅವಕಾಶ ಇದೆ. ಆದರೆ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು.

ಮೊದಲ ಫೋಟೋ ಕೆಟ್ಟಿತು. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದಿದ್ದರು. ನಡುವೆ ಒಂದು ಬಿಳಿ ಪಟ್ಟಿ, ಎರಡೂ ಬದಿ ಕತ್ತಲೆ. ಸಾಲದ್ದಕ್ಕೆ ಫ್ಲ್ಯಾಶ್ ಬೇರೆ ಬಿದ್ದು ಸೊಂಟದ ಕೀಲೇ ಮುಚ್ಚಿಹೋಗಿತ್ತು. ಡಾಕ್ಟರ್ ಫೋನ್ ಮಾಡಿ, "ಸಿಸ್ಟರ್, ಬೆಳಕು ಫಿಲ್ಮಿನ ಹಿಂದಿನಿಂದ, ಎಲ್ಲಾ ಕಡೆ ಒಂದೇ ಸಮ ಬರಬೇಕು" ಅಂದರು. ಆಸ್ಪತ್ರೆಯಲ್ಲಾದರೆ ಅದಕ್ಕೆ ಲೈಟಿನ ಪೆಟ್ಟಿಗೆ ಇರುತ್ತದೆ. ಸಿಸ್ಟರ್ ಕಿಟಕಿಯ ಹೊರಗಡೆಗೆ ಒಂದು ಬಿಳಿ ಪಂಚೆ ಕಟ್ಟಿಸಿದರು. ಒಳಗಿನ ಲೈಟ್ ಆರಿಸಿ, ಫಿಲ್ಮನ್ನು ಗಾಜಿಗೆ ಅಂಟಿಸಿದರು. ಅದರ ಮೇಲೆ ಎಡಬದಿ ಅಂತ ತಿಳಿಸುವ ಎಲ್ ಅಕ್ಷರ ಸರಿಯಾಗಿ ಓದಲು ಬರುವ ಹಾಗೆ. ಉಲ್ಟಾ ಅಂಟಿಸಿದರೆ ಎಡಗಾಲು ಬಲಗಾಲಾಗುತ್ತದೆ, ಆ ಅಕ್ಷರ ಗಮನಿಸದಿದ್ದರೆ ನೋಡುವವರಿಗೆ ಗೊತ್ತೇ ಆಗುವುದಿಲ್ಲ! ಫೋನನ್ನು ಓರೆ ಮಾಡದೆ, ಫ್ಲ್ಯಾಶ್ ಇಲ್ಲದೆ, ಮೊದಲು ಇಡೀ ಫಿಲ್ಮ್, ಆಮೇಲೆ ನೋವಿರುವ ಜಾಗ ಹತ್ತಿರದಿಂದ. ಕಳಿಸಿದ್ದು ಡಾಕ್ಯುಮೆಂಟ್ ಆಗಿ. ಮಾಮೂಲಿ ಫೋಟೋದ ಹಾಗೆ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಕೂದಲೆಳೆಯಷ್ಟು ತೆಳ್ಳಗಿನ ಬಿರುಕುಗಳೇ ಮೊದಲು ಮಾಯವಾಗುವುದು.

ಈಗಿನ ಫೋಟೋ ಚೆನ್ನಾಗಿತ್ತು. ಆದರೂ ದೊಡ್ಡ ಮುರಿತ ಏನೂ ಕಾಣಲಿಲ್ಲ. ಇಲ್ಲಿಗೇ ಬಿಟ್ಟಿದ್ದರೆ ಅದೂ ಒಂದು "ಏನೂ ಆಗಿಲ್ಲ ಬಿಡಿ" ಆಗುತ್ತಿತ್ತು, ಅಲ್ವಾ?

ಡಾಕ್ಟರ್ ಕೇಳುತ್ತಾ ಹೋದರು. ನೋವು ಎಲ್ಲಿ? ತೊಡೆಸಂದಿಯಲ್ಲಿ. ಪಾದ ಹೊರಗೆ ತಿರುಗಿದೆಯಾ, ಕಾಲು ಗಿಡ್ಡ ಆಗಿದೆಯಾ? ಇಲ್ಲ. ಮಲಗಿದಲ್ಲೇ ಮೊಣಕಾಲು ಮಡಚದೆ ಕಾಲೆತ್ತಲು ಆಗುತ್ತಾ? ಬಲಗಾಲು ಎದ್ದಿತು, ಎಡಗಾಲು ಏಳಲೇ ಇಲ್ಲ. ಹಿಮ್ಮಡಿಗೆ ಮೆಲ್ಲಗೆ ತಟ್ಟಿದರೆ? ಅಜ್ಜಿ "ಅಯ್ಯೋ" ಅಂದರು, ಕೈ ಹೋಗಿದ್ದು ತೊಡೆಸಂದಿಗೆ.

ಅದಾದ ಮೇಲೆ ಡಾಕ್ಟರ್ ಎರಡೂ ಬದಿಯ ತೊಡೆಮೂಳೆಯ ಕತ್ತನ್ನು, ಅಂದರೆ ಸೊಂಟದ ಕೀಲಿನೊಳಗಿನ ಮೂಳೆಯ ತಲೆಯ ಕೆಳಗಿನ ಸಪೂರ ಭಾಗವನ್ನು, ಹೋಲಿಸಿ ನೋಡಿದರು. ಎಡಗಡೆ ಒಂದು ಮಸುಕು ಬಿಳಿ ಗೆರೆ, ಬಲಗಡೆ ಇಲ್ಲ. ಮೂಳೆ ಮುರಿದು ಒಂದರೊಳಗೊಂದು ಕಚ್ಚಿಕೊಂಡಾಗ ಹಾಗೆ ಕಾಣುತ್ತದೆ. ಕಚ್ಚಿಕೊಂಡಿದ್ದಕ್ಕೇ ಅಜ್ಜಿ ನಾಲ್ಕು ಹೆಜ್ಜೆ ನಡೆದದ್ದು. ನಡೆದಾಡುತ್ತಾ ಅದು ಜಾರಿದರೆ ಕಥೆಯೇ ಬೇರೆ. ಜಾಗದಲ್ಲೇ ಇದ್ದರೆ ಸ್ಕ್ರೂ ಹಾಕಿ ನಿಲ್ಲಿಸಬಹುದು. ಜಾರಿದರೆ ಆ ವಯಸ್ಸಿನಲ್ಲಿ ಸಾಮಾನ್ಯವಾಗಿ ಮೂಳೆಯ ತಲೆಯನ್ನೇ ತೆಗೆದು ಲೋಹದ್ದು ಕೂರಿಸಬೇಕಾಗುತ್ತದೆ.

"ಫೋಟೋ ನೋಡಿ ಮುರಿದಿದೆ ಅಂತ ನಾನು ಬರೆದುಕೊಡಲ್ಲ. ಆದ್ರೆ ಅವರು ಇನ್ನೊಂದು ಹೆಜ್ಜೆ ಇಡೋದು ಬೇಡ. ಬಚ್ಚಲಿಗೂ ನಡೆಸಬೇಡಿ. ಮಲಗಿಸಿಕೊಂಡೇ ಕರ್ಕೊಂಡು ಬನ್ನಿ, ಫಿಲ್ಮ್ ಮರೀಬೇಡಿ" ಅಂದರು.

ಇಷ್ಟರಲ್ಲಿ ಮೊಮ್ಮಗ ಅದೇ ಫಿಲ್ಮಿನ ಫೋಟೋವನ್ನು, ಅಜ್ಜಿಯ ಹೆಸರು ವಯಸ್ಸಿನ ಸಮೇತ, ನೆಂಟರ ಗ್ರೂಪಿಗೂ ಹಾಕಿದ್ದ. ಅಲ್ಲಿ ಒಬ್ಬರು ಎಣ್ಣೆ ಹಚ್ಚಿ ತಿಕ್ಕಲು ಹೇಳಿದರು. ಇನ್ನೊಬ್ಬರು ಮಲಗಿಸಲೇಬೇಡಿ, ನಡೆಸಿ ಅಂದರು. ಕೀಲು ಎಳೆದು ಕೂರಿಸುವವರ ನಂಬರೂ ಬಂತು. ಅದೃಷ್ಟಕ್ಕೆ ಸಿಸ್ಟರ್ ಅಷ್ಟೊತ್ತಿಗೆ 108ಕ್ಕೆ ಫೋನ್ ಮಾಡಿ ಆಗಿತ್ತು.

ಶಿವಮೊಗ್ಗದಲ್ಲಿ ಪಕ್ಕದಿಂದ ಇನ್ನೊಂದು ಎಕ್ಸ್‌ರೇ ತೆಗೆದರು. ಬಿರುಕು ಸ್ಪಷ್ಟವಾಗಿ ಕಂಡಿತು, ಮೂಳೆ ಇನ್ನೂ ಜಾರಿರಲಿಲ್ಲ. ಮೂರು ಸ್ಕ್ರೂ ಹಾಕಿದರು. ಅಜ್ಜಿಗೆ ಈಗ ವಾಕರ್ ಬಂದಿದೆ. ಅದು ಬಚ್ಚಲ ಬಾಗಿಲಲ್ಲಿ ಹಿಡಿಸುವುದಿಲ್ಲ ಅಂತ ದಿನಾ ಮಗನಿಗೆ ಬೈಗುಳ.