ಹೆಸರು ಹಾಕದಿದ್ದರೂ ಹೆಸರು ಹೇಳುವ ಅರ್ಜಿ

ಹೋದ ವರ್ಷ ಏಪ್ರಿಲ್‌ನಲ್ಲಿ, ಹೂಮಳೆ ಬಿದ್ದು ಮುಗಿದ ಮೇಲೆ, ಹೆಂಡತಿಯ ತಮ್ಮ ಸೋಮವಾರಪೇಟೆಯ ನಮ್ಮ ಮನೆಗೆ ಬಂದ. ಅವನಿಗೆ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಸ್ಯಾಂಪಲ್ ನೋಡುವ ಕೆಲಸ. ಕಂಪನಿಯ ಹೆಸರು ಇಲ್ಲಿ ಬೇಡ. ಜೇಬಿನಿಂದ ಮಡಚಿದ ದೂರಿನ ಅರ್ಜಿ ತೆಗೆದು, "ಭಾವ, ಇದನ್ನ ಒಂದ್ಸಲ ನೋಡಿ. ಹೆಸರು ಹಾಕಿಲ್ಲ, ತೊಂದ್ರೆ ಆಗಲ್ಲ ಅಲ್ವಾ?" ಅಂದ. ಬ್ಯಾಂಕಿನ ಆಡಿಟ್‌ನಲ್ಲಿದ್ದಾಗ ಇಂಥ ಅರ್ಜಿಗಳನ್ನು ಎಷ್ಟೋ ಓದಿದ್ದೇನೆ. ಮೂರನೇ ಸಾಲಿಗೇ ಬರೆದವರು ಯಾರು ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು.

ವಿಷಯ ಔಟ್‌ಟರ್ನ್‌ನದು. ಬೆಳೆಗಾರರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಒಣಗಿದ ಕಾಫಿ ಹಣ್ಣಿನ, ಅಂದರೆ ಚೆರ್ರಿಯ, ಮೂಟೆಗಳಿಂದ ಒಂದು ಕಿಲೋ ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ಬೀಜ ತೂಗುತ್ತಾರೆ. 540 ಗ್ರಾಂ ಬಂದರೆ 50 ಕಿಲೋ ಮೂಟೆಗೆ 27 ಕಿಲೋ ಬೀಜ ಎಂದು ಲೆಕ್ಕ, ದುಡ್ಡು ಅದರ ಮೇಲೆ. ತಕ್ಕಡಿಯಲ್ಲಿ 27 ಬಂದದ್ದು ಬೆಳೆಗಾರನ ಚೀಟಿಯಲ್ಲಿ 26 ಆಗುತ್ತಿತ್ತು. 200 ಮೂಟೆ ತಂದವನಿಗೆ 200 ಕಿಲೋ ಬೀಜ ಹೋಯಿತು.

ಅರ್ಜಿಯಲ್ಲಿ ಅವನು ಬರೆದದ್ದು: "ಮಾರ್ಚ್ 12ರಂದು ಊಟ ಮುಗಿಸಿ ಸ್ಯಾಂಪಲ್ ರೂಮಿಗೆ ಬಂದಾಗ ಮ್ಯಾನೇಜರು ಚೀಟಿ ತಿದ್ದುತ್ತಿದ್ದುದನ್ನು ನಾನೇ ನೋಡಿದೆ." ಆ ರೂಮಿನಲ್ಲಿ ಕೆಲಸ ಮಾಡುವವರು ಇಬ್ಬರು. ಅವತ್ತು ಇನ್ನೊಬ್ಬ ರಜೆ. ಇನ್ನು ಹೆಸರು ಹಾಕಿದರೇನು, ಬಿಟ್ಟರೇನು?

ಕಂಪನಿಯ ಪಾಲಿಸಿಯನ್ನು ತರಿಸಿ ಓದಿದೆ. ಬ್ಯಾಂಕುಗಳಿಂದ 50 ಕೋಟಿಗಿಂತ ಹೆಚ್ಚು ಸಾಲ ಮಾಡಿದ ಕಂಪನಿ ಅದು. ಹಾಗಾಗಿ 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ವಿಜಿಲ್ ಮೆಕ್ಯಾನಿಸಂ, ಅಂದರೆ ಒಳಗಿನ ಅಕ್ರಮದ ಬಗ್ಗೆ ದೂರು ಕೊಡುವ ವ್ಯವಸ್ಥೆ, ಇಡಲೇಬೇಕು. ಷೇರುಪೇಟೆಯಲ್ಲಿರುವ ಕಂಪನಿಗಳಿಗೂ ಇದು ಕಡ್ಡಾಯ. ಪಾಲಿಸಿಯಲ್ಲಿ "ದೂರುದಾರರ ಗುರುತನ್ನು ಗೌಪ್ಯವಾಗಿ ಇಡಲಾಗುವುದು, ತನಿಖೆಗೆ ಅಗತ್ಯವಿದ್ದವರಿಗೆ ಮಾತ್ರ ತಿಳಿಸಲಾಗುವುದು" ಎಂದಿತ್ತು. ಗೌಪ್ಯ ಎಂದರೆ ಹೆಸರು ಒಬ್ಬರಿಗಾದರೂ ಗೊತ್ತಿದೆ, ಅವರು ಬಾಯಿ ಬಿಡುವುದಿಲ್ಲ ಎಂದು. ಅನಾಮಧೇಯ ಎಂದರೆ ಯಾರಿಗೂ ಗೊತ್ತಿಲ್ಲ. ಎರಡೂ ಒಂದೇ ಎಂದು ಇವನು ತಿಳಿದಿದ್ದ. ಅನಾಮಧೇಯ ಅರ್ಜಿಯಲ್ಲಿ ಒಂದು ಸಂಶಯ ಬಂದರೆ ತನಿಖೆಯವರು ಮರಳಿ ಕೇಳಲು ದಾರಿಯಿಲ್ಲ. ನಾವೇ ಅಂಥ ಎಷ್ಟೋ ಅರ್ಜಿಗಳನ್ನು ಅಲ್ಲಿಗೇ ಮುಗಿಸಿದ್ದೇವೆ. ಹೇಳಿಕೊಳ್ಳುವ ಮಾತಲ್ಲ, ಆದರೆ ನಿಜ.

ಕೊನೆಗೆ ಎರಡು ಹಾಳೆ ಮಾಡಿದೆವು. ಒಂದರಲ್ಲಿ ಹೆಸರು, ಫೋನ್ ನಂಬರ್. ಇನ್ನೊಂದರಲ್ಲಿ ವಿಷಯ ಮಾತ್ರ, 'ನಾನು' ಎಂಬ ಪದವೇ ಇಲ್ಲ: "ಫೆಬ್ರವರಿ, ಮಾರ್ಚ್‌ನ ಈ ಐದು ಲಾಟ್‌ಗಳ ತೂಕದ ಪುಸ್ತಕವನ್ನೂ ಬೆಳೆಗಾರರಿಗೆ ಕೊಟ್ಟ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ." ಪುಸ್ತಕ ಲೆಕ್ಕದ ವಿಭಾಗಕ್ಕೂ ಹೋಗುತ್ತದೆ, ಚೀಟಿ ಬೆಳೆಗಾರನ ಕೈಯಲ್ಲೂ ಇರುತ್ತದೆ. ಯಾರು ಬೇಕಾದರೂ ಬರೆದಿರಬಹುದು.

ಯಾರಿಗೆ ಕಳಿಸುವುದು? ಪಾಲಿಸಿಯ ಮೊದಲ ಪುಟದಲ್ಲಿ ಎಚ್‌ಆರ್ ವಿಳಾಸ. ಎಚ್‌ಆರ್‌ನವರೂ ಮ್ಯಾನೇಜರೂ ದಿನಾ ಒಟ್ಟಿಗೆ ಕಾಫಿ ಕುಡಿಯುವವರು. ಆದರೆ ವಿಶೇಷ ಸಂದರ್ಭದಲ್ಲಿ ಆಡಿಟ್ ಕಮಿಟಿಯ ಅಧ್ಯಕ್ಷರನ್ನೇ ನೇರವಾಗಿ ತಲುಪುವ ದಾರಿ ಇರಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ಆ ಸಾಲು ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿತ್ತು.

"ಸುಳ್ಳು ಅಂತ ನನ್ನ ಮೇಲೇ ಹಾಕಿದ್ರೆ?" ಅಂದ. ಕಾಯ್ದೆಯ ನಿಯಮದಲ್ಲಿ ಕ್ರಮದ ಮಾತು ಬರುವುದು ಹುರುಳಿಲ್ಲದ ದೂರನ್ನು ಪದೇ ಪದೇ ಕೊಡುವವರ ಬಗ್ಗೆ. ನಂಬಿ ಕೊಟ್ಟ ದೂರು ತಪ್ಪೆಂದು ಸಾಬೀತಾದರೆ ಅದು ಅಪರಾಧವಲ್ಲ.

ನನಗೆ ಸಿಟ್ಟು ಬಂದದ್ದು ರಕ್ಷಣೆಯ ಪ್ಯಾರಾ ಓದಿ. "ಸೂಕ್ತ ರಕ್ಷಣೆ ನೀಡಲಾಗುವುದು", ಅಷ್ಟೇ. ವರ್ಗಾವಣೆ, ಇನ್‌ಕ್ರಿಮೆಂಟ್ ತಡೆ, ಕೆಲಸದಿಂದ ತೆಗೆಯುವುದು, ಯಾವುದನ್ನೂ ಹೆಸರಿಸಿಲ್ಲ. ನಿಯಮ ರಕ್ಷಣೆ ಹೇಳುವುದೂ ನೌಕರರಿಗೆ, ನಿರ್ದೇಶಕರಿಗೆ. ಮೂಟೆ ಹೊರುವ ಕಾಂಟ್ರಾಕ್ಟ್ ಆಳು ಅದರೊಳಗೆ ಬರಬೇಕಾದರೆ ಪಾಲಿಸಿಯಲ್ಲೇ ಬರೆದಿರಬೇಕು. ಇವನಿಗೆ ಒಂದು ಕೆಲಸ ಹೇಳಿದೆ: ಹಿಂದಿನ ಮೂರು ವರ್ಷದ ಅಪ್ರೈಸಲ್ ಕಾಗದದ ಪ್ರತಿ ಮನೆಯಲ್ಲಿಡು. ಅರ್ಜಿ ಹೋದ ಮೇಲೆ ಇದ್ದಕ್ಕಿದ್ದಂತೆ 'ಕೆಲಸ ಸರಿಯಿಲ್ಲ' ಎಂದರೆ ತೋರಿಸಲು ಬೇರೇನೂ ಇರುವುದಿಲ್ಲ.

ಕೇಂದ್ರ ಸರ್ಕಾರದ ಇಲಾಖೆ, ರಾಷ್ಟ್ರೀಕೃತ ಬ್ಯಾಂಕಿನ ವಿಷಯವಾದರೆ ದಾರಿ ಬೇರೆ. ಹೆದ್ದಾರಿ ಕಾಮಗಾರಿಯ ಅಕ್ರಮ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ ತಮ್ಮ ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಅದು ದರೋಡೆಗಾಗಿ ಎಂದು ಸಿಬಿಐ ಹೇಳಿತು. ಆ ಗದ್ದಲದ ನಂತರ ಬಂದದ್ದು 2004ರ ಪಿಐಡಿಪಿಐ, ಅಂದರೆ ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಟ್ಟವರನ್ನು ರಕ್ಷಿಸುವ ನಿರ್ಣಯ. ಅದರಲ್ಲಿ ಮುಚ್ಚಿದ ಲಕೋಟೆಯ ಮೇಲೆ 'ಪಿಐಡಿಪಿಐ' ಎಂದು ಬರೆದು ಕೇಂದ್ರ ವಿಚಕ್ಷಣಾ ಆಯೋಗಕ್ಕೆ ಕಳಿಸಬೇಕು. ಹೆಸರು ಒಳಗಿರಬೇಕು, ಲಕೋಟೆಯ ಮೇಲೆ ಇರಬಾರದು. ಅನಾಮಧೇಯ ಅರ್ಜಿ ತೆಗೆದುಕೊಳ್ಳುವುದಿಲ್ಲ. ಇಂಥ ದೂರುದಾರರ ರಕ್ಷಣೆಗೆಂದೇ 2014ರಲ್ಲಿ ಪಾಸಾದ ಕಾಯ್ದೆ ಮಾತ್ರ ಜಾರಿಗೇ ಬಂದಿಲ್ಲ.

ನಮ್ಮ ಹುಡುಗನ ಅರ್ಜಿ ಮಡಿಕೇರಿಯಿಂದ ರಿಜಿಸ್ಟರ್ ಪೋಸ್ಟ್‌ನಲ್ಲಿ ಹೋಯಿತು. ಜೂನ್‌ನಲ್ಲಿ ಹೊರಗಿನ ಆಡಿಟರ್ ಬಂದು ಸ್ಯಾಂಪಲ್ ರೂಮು, ಲೆಕ್ಕದ ವಿಭಾಗ, ಗೋಡೌನ್, ಮೂರರಲ್ಲಿದ್ದ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಅವೇ ಹತ್ತು ಪ್ರಶ್ನೆ ಕೇಳಿದರು. ಇವನನ್ನು ಕರೆದದ್ದು ಏಳನೆಯವನಾಗಿ. ಮ್ಯಾನೇಜರು ಇವತ್ತಿಗೂ ಗೋಡೌನ್ ರೈಟರ್ ಮೇಲೆ ಅನುಮಾನ ಇಟ್ಟುಕೊಂಡಿದ್ದಾರೆ. ಅದು ನಮ್ಮ ಹುಡುಗನಿಗೆ ಸಮಾಧಾನ ತಂದಿಲ್ಲ, ನನಗೂ ಇಲ್ಲ.